ತೊಟ್ಟಿಗೆ ಅಂಟಿಸಿದ ಚೀಟಿ

"2 ಅಡಿ ಟ್ಯಾಂಕ್. 68 ಲೀಟರ್. ಗೋಲ್ಡ್‌ಫಿಶ್‌ಗೆ ಸೂಕ್ತ."

ನಾನು ಮೊದಲ ಸಲ ಅಕ್ವೇರಿಯಂ ಕೊಂಡಾಗ ಅದರ ಗಾಜಿಗೆ ಅಂಟಿಸಿದ್ದ ಚೀಟಿಯಲ್ಲಿ ಇದ್ದದ್ದು ಇಷ್ಟೇ. ಮಗಳ ಹುಟ್ಟುಹಬ್ಬ ಹತ್ತಿರ ಬಂದಿತ್ತು. ಟ್ಯಾಂಕು, ಬಣ್ಣದ ಕಲ್ಲು, ಏರ್ ಪಂಪು, ನಾಲ್ಕು ಗೋಲ್ಡ್‌ಫಿಶ್ಶು ಎಲ್ಲವನ್ನೂ ಒಂದೇ ದಿನ ತಂದು, ಅಂದೇ ಸಂಜೆ ನೀರು ತುಂಬಿ ಮೀನು ಬಿಟ್ಟೆವು. ಒಂಬತ್ತನೆಯ ದಿನ ಬೆಳಿಗ್ಗೆ ನಾಲ್ಕೂ ಮೀನುಗಳು ನೀರಿನ ಮೇಲ್ಗಡೆ ಬಾಯಿ ತೆರೆದು ಏದುಸಿರು ಬಿಡುತ್ತಿದ್ದವು. ಸಂಜೆಯ ಹೊತ್ತಿಗೆ ಎರಡು ಸತ್ತಿದ್ದವು. "ಅಪ್ಪಾ, ಚೀಟೀಲಿ ಸೂಕ್ತ ಅಂತ ಬರೆದಿತ್ತಲ್ವಾ?" ಎಂದು ಮಗಳು ಕೇಳಿದಳು.

ಅವಳ ಪ್ರಶ್ನೆ ಸರಿಯಾಗಿತ್ತು, ಚೀಟಿ ಸರಿಯಿರಲಿಲ್ಲ. ಆ ಮೇಲೆ ಹಲವು ವರ್ಷ ಮೀನು ಸಾಕಿ, ತೊಟ್ಟಿ ಅಂಟಿಸುವವರ ಪಕ್ಕ ಕೂತು ನೋಡಿ, ಆ ಚೀಟಿಯ ಒಂದೊಂದು ಪದದ ಹಿಂದೆ ಏನೇನು ಇರಬೇಕಿತ್ತು ಎಂಬುದನ್ನು ತಿಳಿದುಕೊಂಡೆ. ಅದೇ 2 ಅಡಿ ತೊಟ್ಟಿಯನ್ನು ಎದುರಿಗಿಟ್ಟುಕೊಂಡು ಅದರ ಅಳತೆ, ಗಾಜು, ಅಪಾಯ ಮತ್ತು ಅದರಲ್ಲಿ ಬಾಳಬಲ್ಲ ಜೀವಿಗಳನ್ನು ಒಂದೊಂದಾಗಿ ನೋಡೋಣ.

68 ಲೀಟರ್ ಎಲ್ಲಿ ಹೋಯಿತು?

ಅಂಗಡಿಯವರು 2 ಅಡಿ ಎನ್ನುವುದು ತೊಟ್ಟಿಯ ಉದ್ದಕ್ಕೆ ಮಾತ್ರ. ಅಗಲ ಮತ್ತು ಎತ್ತರವನ್ನು ನಾವೇ ಕೇಳಬೇಕು. ನಮ್ಮದು 24 ಇಂಚು ಉದ್ದ, 12 ಇಂಚು ಅಗಲ, 15 ಇಂಚು ಎತ್ತರ. ಅಂದರೆ ಸುಮಾರು 60, 30, 38 ಸೆಂ.ಮೀ. ಮೂರನ್ನೂ ಗುಣಿಸಿ 1000ದಿಂದ ಭಾಗಿಸಿದರೆ 68.4 ಲೀಟರ್ ಬರುತ್ತದೆ. ಚೀಟಿಯ 68 ಬಂದದ್ದು ಹೀಗೆ. ಆದರೆ ಇದು ಹೊರಗಿನ ಅಳತೆ.

ಗಾಜಿನ ದಪ್ಪವನ್ನು ಕಳೆದರೆ ಒಳಗೆ ಉಳಿಯುವುದು 59 ಮತ್ತು 29 ಸೆಂ.ಮೀ. ಯಾರೂ ಅಂಚಿನವರೆಗೆ ನೀರು ತುಂಬುವುದಿಲ್ಲ. ಮೇಲೆ ಎರಡು ಇಂಚು ಬಿಟ್ಟರೆ ನೀರಿನ ಆಳ 32.5 ಸೆಂ.ಮೀ. ಆಗುತ್ತದೆ. ಅಲ್ಲಿಗೆ 55 ಲೀಟರ್ ಚಿಲ್ಲರೆ. ತಳದಲ್ಲಿ ಎರಡು ಇಂಚು ಜಲ್ಲಿಕಲ್ಲು ಹಾಸಿದರೆ ಅದು ಇನ್ನೊಂದು 5 ಲೀಟರಿನಷ್ಟು ಜಾಗ ತಿನ್ನುತ್ತದೆ. ಮೀನಿಗೆ ಸಿಗುವ ನೀರು 50 ಲೀಟರ್. ಚೀಟಿ ಹೇಳಿದ್ದರ ಮುಕ್ಕಾಲು ಪಾಲಿಗೂ ಕಡಿಮೆ. ಹೀಟರು, ಫಿಲ್ಟರು, ಔಷಧದ ಹನಿ, ಮೀನಿನ ಸಂಖ್ಯೆ ಎಲ್ಲವನ್ನೂ ಈ 50ರ ಮೇಲೆ ಲೆಕ್ಕ ಹಾಕಬೇಕು. ಔಷಧವನ್ನು 68 ಲೀಟರಿಗೆಂದು ಹಾಕಿದರೆ ಮೂರನೇ ಒಂದು ಪಾಲಿಗಿಂತ ಹೆಚ್ಚು ಜಾಸ್ತಿಯಾಗಿಬಿಡುತ್ತದೆ.

ಲೀಟರು ಒಂದೇ ಆದ ಮಾತ್ರಕ್ಕೆ ತೊಟ್ಟಿಗಳೂ ಒಂದೇ ಆಗುವುದಿಲ್ಲ. ಇದೇ ತೊಟ್ಟಿಯನ್ನು ಎತ್ತಿ ಕಂಬದಂತೆ ನೆಟ್ಟಗೆ ನಿಲ್ಲಿಸಿದಂತೆ ಊಹಿಸಿಕೊಳ್ಳಿ. ಒಳಗೆ ಹಿಡಿಸುವುದು ಅಷ್ಟೇ. ಆದರೆ ಮಲಗಿದ್ದಾಗ ನೀರಿನ ಮೇಲ್ಮೈ 60 × 30, ಅಂದರೆ 1800 ಚದರ ಸೆಂ.ಮೀ. ಇತ್ತು, ನಿಂತಾಗ 30 × 38, ಅಂದರೆ 1140ಕ್ಕೆ ಇಳಿಯಿತು. ಗಾಳಿಯ ಆಮ್ಲಜನಕ ನೀರಿಗೆ ಇಳಿಯುವುದೂ ಮೀನು ಬಿಟ್ಟ ಇಂಗಾಲದ ಡೈಆಕ್ಸೈಡ್ ಹೊರಹೋಗುವುದೂ ಈ ಮೇಲ್ಮೈಯ ಮೂಲಕವೇ. ಜೊತೆಗೆ ಬಹುಪಾಲು ಮೀನುಗಳು ಮೇಲೆ ಕೆಳಗೆ ಓಡಾಡುವುದಕ್ಕಿಂತ ಅಡ್ಡಡ್ಡ ಈಜುವುದೇ ಹೆಚ್ಚು. ಮೂಲೆಗೆ ಚೆಂದ ಕಾಣುವ ಗೋಪುರದಂಥ ತೊಟ್ಟಿಗಿಂತ ಅಗಲವಾಗಿ ಮಲಗಿದ ತೊಟ್ಟಿ ಮೀನಿಗೆ ಹಿತ. ಗುಂಡನೆಯ ಗಾಜಿನ ಬೋಗುಣಿಯ ತೊಂದರೆಯೂ ಇದೇ: ಕುತ್ತಿಗೆಯವರೆಗೆ ನೀರು ತುಂಬಿದಷ್ಟೂ ಮೇಲ್ಮೈ ಕಿರಿದಾಗುತ್ತಾ ಹೋಗುತ್ತದೆ.

ಇನ್ನು ತೂಕ. 50 ಲೀಟರ್ ನೀರು 50 ಕಿಲೋ. ಜಲ್ಲಿ 12-13 ಕಿಲೋ. 5 ಮಿ.ಮೀ. ಗಾಜಿನ ಖಾಲಿ ತೊಟ್ಟಿ 11 ಕಿಲೋ. ಒಟ್ಟು 75 ಕಿಲೋ ಹತ್ತಿರ ಬರುತ್ತದೆ. ಬೆಳೆದ ಗಂಡಸೊಬ್ಬ ಹಗಲೂ ರಾತ್ರಿ ಕೂತೇ ಇರಬಲ್ಲಂಥ ಪೀಠ ಅದಕ್ಕೆ ಬೇಕು. ಮರದ ಪುಡಿಯನ್ನು ಒತ್ತಿ ಮಾಡಿದ ಹಲಗೆಯ ಟಿ.ವಿ. ಸ್ಟ್ಯಾಂಡು ಮೊದಲ ದಿನ ಇದನ್ನು ಹೊರಬಹುದು. ನಾಲ್ಕು ತಿಂಗಳು ಹನಿ ನೀರು ಕುಡಿದು ಉಬ್ಬಿದ ಮೇಲೆ ಹೊರಲಾರದು.

ಗಾಜಿನ ದಪ್ಪ ಯಾಕೆ ಕೇಳಬೇಕು?

ತೊಟ್ಟಿ ದೊಡ್ಡದಾದಷ್ಟೂ ಗಾಜು ದಪ್ಪಗಿರಬೇಕು ಎಂಬುದು ಎಲ್ಲರಿಗೂ ಗೊತ್ತು. ಆದರೆ ಗಾಜನ್ನು ಹೊರಗೆ ದಬ್ಬುವುದು ನೀರಿನ ಒಟ್ಟು ಪ್ರಮಾಣ ಅಲ್ಲ, ನೀರಿನ ಆಳ. ನಮ್ಮ ತೊಟ್ಟಿಯ ಮುಂದಿನ ಗಾಜನ್ನು ನೀರು ಸುಮಾರು 31 ಕಿಲೋ ತೂಕದಷ್ಟು ಬಲದಿಂದ ಸದಾ ಒತ್ತುತ್ತಿರುತ್ತದೆ. ಉದ್ದ ಇಷ್ಟೇ ಇದ್ದು ನೀರಿನ ಆಳ ಎರಡರಷ್ಟಾದರೆ ಈ ಒತ್ತು ಎರಡರಷ್ಟಲ್ಲ, ನಾಲ್ಕರಷ್ಟಾಗುತ್ತದೆ. ಎತ್ತರದ ತೊಟ್ಟಿಗಳ ಬೆಲೆ ಹೆಚ್ಚಿರುವುದಕ್ಕೆ ಇದೂ ಒಂದು ಕಾರಣ. ಬೆಲೆ ಕಡಿಮೆ ಇದ್ದರೆ ಅನುಮಾನ ಪಡುವುದಕ್ಕೂ ಇದೇ ಕಾರಣ.

60 × 30 × 38ರ ತೊಟ್ಟಿಗೆ 5 ಮಿ.ಮೀ. ಗಾಜು ಕನಿಷ್ಠ, 6 ಇದ್ದರೆ ನಿಶ್ಚಿಂತೆ. 4 ಮಿ.ಮೀ. ಗಾಜಿನಲ್ಲಿ ಮಾಡಿದ್ದೂ ಮಾರಾಟಕ್ಕೆ ಬರುತ್ತದೆ. ಅದು ಕೂಡಲೇ ಒಡೆಯದೇ ಇರಬಹುದು, ಆದರೆ ಮುಂದಿನ ಗಾಜು ನಡುವೆ ಹೊರಕ್ಕೆ ಬಾಗಿರುತ್ತದೆ. ನೀರು ತುಂಬಿದ ಮೇಲೆ ಉದ್ದನೆಯ ಸ್ಕೇಲನ್ನು ಗಾಜಿನ ಮೇಲಂಚಿಗೆ ಅಡ್ಡ ಹಿಡಿದು ನೋಡಿದರೆ ಬಾಗು ಕಾಣುತ್ತದೆ. ಆ ಬಾಗಿನ ಎಳೆತವೆಲ್ಲ ಬೀಳುವುದು ಮೂಲೆಗಳ ಅಂಟಿನ ಮೇಲೆ.

ಆ ಅಂಟು ಸಿಲಿಕೋನ್. ಅಕ್ವೇರಿಯಂ ಮಾಡುವವರು ಸಾಮಾನ್ಯವಾಗಿ ಬಳಸುವುದು ಒಣಗುವಾಗ ವಿನೆಗರ್ ವಾಸನೆ ಬರುವ ಅಪ್ಪಟ ಸಿಲಿಕೋನನ್ನು. ವಾಸನೆ ಪೂರ್ತಿ ಹೋದ ಮೇಲೆ ಅದರಿಂದ ಮೀನಿಗೆ ತೊಂದರೆಯಿಲ್ಲ. ಹಾರ್ಡ್‌ವೇರ್ ಅಂಗಡಿಯಲ್ಲಿ ಪಕ್ಕದಲ್ಲೇ ಇರುವ ಬಚ್ಚಲುಮನೆಯ ಸಿಲಿಕೋನ್ ನೋಡಲು ಹಾಗೇ ಇದ್ದರೂ ಬೂಸ್ಟು ಹಿಡಿಯದಂತೆ ಅದಕ್ಕೆ ಶಿಲೀಂಧ್ರನಾಶಕ ಬೆರೆಸಿರುತ್ತಾರೆ. ಆ ವಿಷ ನಿಧಾನವಾಗಿ ನೀರಿಗೆ ಇಳಿಯುತ್ತದೆ. ಬೂಸ್ಟು ತಡೆಯುತ್ತದೆ ಎಂದು ಟ್ಯೂಬಿನ ಮೇಲೆ ಬರೆದಿದ್ದರೆ ಅದನ್ನು ತೊಟ್ಟಿಯ ಹತ್ತಿರ ತರಬೇಡಿ.

ಕೊಳ್ಳುವ ಮೊದಲು ಗಾಜು ಗಾಜಿಗೆ ಸೇರುವ ಗೆರೆಯನ್ನು ಬೆಳಕಿಗೆ ಹಿಡಿದು ನೋಡಿ. ಗೆರೆ ಉದ್ದಕ್ಕೂ ಒಂದೇ ಸಮ ಇರಬೇಕು. ಒಳಗೆ ಗಾಳಿಗುಳ್ಳೆ ಅಥವಾ ಹಾಲು ಚೆಲ್ಲಿದಂತೆ ಬಿಳಿ ಮಚ್ಚೆ ಕಂಡರೆ ಅಲ್ಲಿ ಅಂಟು ಕೂತಿಲ್ಲ. ಮನೆಗೆ ತಂದ ಮೇಲೆ ಸಮತಟ್ಟಾದ ನೆಲದಲ್ಲಿ ದಿನಪತ್ರಿಕೆ ಹಾಸಿ, ತೊಟ್ಟಿ ಇಟ್ಟು, ನೀರು ತುಂಬಿ ಎರಡು ದಿನ ಬಿಡಿ. ಕಣ್ಣಿಗೆ ಕಾಣದ ಜಿನುಗು ಕಾಗದದ ಮೇಲೆ ಕಲೆಯಾಗಿ ಕಾಣುತ್ತದೆ. ಜಿನುಗಿದರೆ ಮೇಲೊಂದು ಪಟ್ಟಿ ಸಿಲಿಕೋನ್ ಬಳಿದು ಸುಮ್ಮನಾಗುವಂತಿಲ್ಲ. ಹಳೆಯ ಸಿಲಿಕೋನಿಗೆ ಹೊಸದು ಕಚ್ಚಿಕೊಳ್ಳುವುದಿಲ್ಲ. ಹಳೆಯದನ್ನು ಬ್ಲೇಡಿನಿಂದ ಕೆರೆದು ತೆಗೆದೇ ಹೊಸದನ್ನು ಹಾಕಬೇಕು.

ಸ್ಟ್ಯಾಂಡಿನ ಮೇಲೆ ಇಡುವಾಗ ಚೌಕಟ್ಟಿಲ್ಲದ ತೊಟ್ಟಿಯ ಕೆಳಗೆ ಅರ್ಧ ಇಂಚಿನ ಥರ್ಮಾಕೋಲ್ ಹಾಳೆ ಹಾಸುತ್ತಾರೆ. ಗಾಜಿನ ತಳಕ್ಕೆ ಒಂದು ಕಡಲೆಕಾಳಿನಷ್ಟು ಕಲ್ಲು ಸಿಕ್ಕಿಕೊಂಡರೂ 75 ಕಿಲೋ ಭಾರ ಆ ಒಂದೇ ಬಿಂದುವಿನ ಮೇಲೆ ಒತ್ತಿ ಬಿರುಕು ಬಿಡುತ್ತದೆ. ಥರ್ಮಾಕೋಲ್ ಆ ಏರುಪೇರನ್ನು ತಾನು ನುಂಗಿಕೊಳ್ಳುತ್ತದೆ.

ಗಾಜಿನ ಬದಲು ಅಕ್ರಿಲಿಕ್ ತೊಟ್ಟಿಗಳೂ ಸಿಗುತ್ತವೆ. ತೂಕ ಗಾಜಿನ ಅರ್ಧದಷ್ಟು, ಏಟಿಗೆ ಸುಲಭದಲ್ಲಿ ಒಡೆಯುವುದಿಲ್ಲ. ಚಿಕ್ಕ ಮಕ್ಕಳಿರುವ ಮನೆಗೆ ಇದು ದೊಡ್ಡ ಗುಣ. ಆದರೆ ಪಾಚಿ ಉಜ್ಜುವಾಗ ಬ್ರಷ್ಷಿಗೆ ಒಂದು ಮರಳಿನ ಕಣ ಸಿಕ್ಕಿದರೂ ಸಾಕು, ಗೀರು ಬೀಳುತ್ತದೆ.

ನೀರಿನೊಳಗೆ ಹೋಗುವ ವಸ್ತುಗಳು

ಕಲ್ಲುಗಳಿಗೆ ಒಂದು ಸುಲಭ ಪರೀಕ್ಷೆ ಇದೆ. ಒಣಗಿದ ಕಲ್ಲಿನ ಮೇಲೆ ಎರಡು ಹನಿ ವಿನೆಗರ್ ಹಾಕಿ. ಸಣ್ಣ ಗುಳ್ಳೆ ಎದ್ದರೆ ಅದರಲ್ಲಿ ಸುಣ್ಣದಂಶ ಇದೆ. ಅಮೃತಶಿಲೆಯ ಚೂರು, ಕಪ್ಪೆಚಿಪ್ಪು, ಹವಳದ ತುಂಡು ಎಲ್ಲವೂ ಹೀಗೇ. ಅವು ನೀರಿಗೆ ಸುಣ್ಣ ಬಿಟ್ಟು ಅದನ್ನು ಗಡಸು ಮಾಡುತ್ತವೆ. ಗಪ್ಪಿ, ಮಾಲಿಗಳಿಗೆ ಅದರಿಂದ ಕಷ್ಟವಿಲ್ಲ, ಮೆದು ನೀರು ಬಯಸುವ ನಿಯಾನ್ ಟೆಟ್ರಾಕ್ಕೆ ಕಷ್ಟ. ತಾಮ್ರದ ನಾಣ್ಯ, ಹಿತ್ತಾಳೆಯ ಪುಟ್ಟ ಮೂರ್ತಿ ಇವನ್ನು ಮಾತ್ರ ಯಾವ ತೊಟ್ಟಿಗೂ ಹಾಕಬಾರದು. ನೀರಿಗೆ ಇಳಿಯುವ ತಾಮ್ರ ಮೀನಿಗೆ ವಿಷ. ಸೀಗಡಿ, ಬಸವನಹುಳುಗಳಿಗಂತೂ ಬಹು ಚೂರೇ ಸಾಕು.

ಫಿಲ್ಟರಿನ ಡಬ್ಬಿಯ ಮೇಲೆ ಗಂಟೆಗೆ ಇಷ್ಟು ಲೀಟರ್ ಎಂದಿರುತ್ತದೆ. ತೊಟ್ಟಿಯ ನೀರು ಗಂಟೆಗೆ ನಾಲ್ಕೈದು ಸಲ ಸುತ್ತಿ ಬರಬೇಕು ಎಂಬುದು ರೂಢಿಯ ಲೆಕ್ಕ. ನಮ್ಮ 50 ಲೀಟರಿಗೆ 200ರಿಂದ 250. ಡಬ್ಬಿಯ ಮೇಲಿನ ಅಂಕಿ ಸ್ಪಂಜು ಇಲ್ಲದ ಬರೀ ಮೋಟರಿನದಾಗಿರಬಹುದು. ಸ್ಪಂಜಿನಲ್ಲಿ ಕೊಳೆ ಕೂತ ಹಾಗೆ ಹರಿವು ಇಳಿಯುತ್ತದೆ. ಅದಕ್ಕೇ 300ರದ್ದನ್ನು ಕೊಳ್ಳುವುದು ಜಾಣತನ. ಫೈಟರ್ ಮೀನು ಒಂದನ್ನೇ ಸಾಕುವುದಾದರೆ ಇಷ್ಟು ರಭಸ ಬೇಡ. ಅದರ ಉದ್ದನೆಯ ರೆಕ್ಕೆಗಳು ಹರಿವಿಗೆ ಸಿಕ್ಕಿ ದಣಿಯುತ್ತವೆ. ಏರ್ ಪಂಪಿನಿಂದ ನಡೆಯುವ ಸಾದಾ ಸ್ಪಂಜ್ ಫಿಲ್ಟರ್ ಅದಕ್ಕೆ ಸಾಕು.

ಫಿಲ್ಟರಿನ ನಿಜವಾದ ಕೆಲಸ ಕಸ ಹಿಡಿಯುವುದಷ್ಟೇ ಅಲ್ಲ. ಮೀನಿನ ಕಿವಿರಿನಿಂದ, ಮಲದಿಂದ, ಉಳಿದ ಆಹಾರದಿಂದ ನೀರಿಗೆ ಅಮೋನಿಯಾ ಸೇರುತ್ತದೆ. ಸ್ಪಂಜಿನಲ್ಲಿ ಮನೆಮಾಡುವ ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಬಗೆಯದು ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ಮೊದಲೆರಡು ವಿಷ, ಕೊನೆಯದು ಅಷ್ಟು ಕೆಟ್ಟದ್ದಲ್ಲ, ವಾರಕ್ಕೊಮ್ಮೆ ಕಾಲುಭಾಗ ನೀರು ಬದಲಿಸಿದರೆ ಹೊರಹೋಗುತ್ತದೆ. ಹೊಸ ತೊಟ್ಟಿಯಲ್ಲಿ ಈ ಬ್ಯಾಕ್ಟೀರಿಯಾಗಳು ಸಾಕಷ್ಟು ಬೆಳೆಯಲು ನಾಲ್ಕರಿಂದ ಆರು ವಾರ ಬೇಕು.

ನನ್ನ ಗೋಲ್ಡ್‌ಫಿಶ್‌ಗಳು ಒಂಬತ್ತನೆಯ ದಿನ ಸತ್ತದ್ದು ಇಲ್ಲಿ. ಒಂದೇ ದಿನಕ್ಕೆ ನಾಲ್ಕು ಮೀನು ಬಿಟ್ಟಿದ್ದೆ, ಅಮೋನಿಯಾವನ್ನು ತಿನ್ನುವವರು ಇನ್ನೂ ಹುಟ್ಟಿರಲಿಲ್ಲ. ನಮ್ಮ ಬೋರ್‌ವೆಲ್ ನೀರು ಕ್ಷಾರೀಯವಾಗಿತ್ತು. ನೀರು ಕ್ಷಾರೀಯವಾದಷ್ಟೂ, ಬೆಚ್ಚಗಾದಷ್ಟೂ ಅದೇ ಅಮೋನಿಯಾ ಹೆಚ್ಚು ವಿಷವಾಗುತ್ತದೆ. ಮೇಲೆ ಬಂದು ಏದುಸಿರು ಬಿಡುವುದು, ಕಿವಿರು ಕೆಂಪಾಗುವುದು, ರೆಕ್ಕೆ ಮಡಚಿ ಮೂಲೆ ಹಿಡಿಯುವುದು ಇದರ ಲಕ್ಷಣ. ನೀರು ಮಾತ್ರ ಕನ್ನಡಿಯಂತೆ ತಿಳಿಯಾಗಿಯೇ ಇರುತ್ತದೆ! ಹನಿ ಹಾಕಿ ಬಣ್ಣ ನೋಡುವ ಪರೀಕ್ಷಾ ಕಿಟ್ ಇಲ್ಲದೆ ಇದು ಗೊತ್ತಾಗುವುದಿಲ್ಲ. ಅಮೋನಿಯಾ ಸೊನ್ನೆ, ನೈಟ್ರೈಟ್ ಸೊನ್ನೆ ಬಂದ ಮೇಲೆಯೇ ಮೀನು ತರಬೇಕು. ಸ್ಪಂಜನ್ನು ನಲ್ಲಿಯ ಕೆಳಗೆ ತೊಳೆದರೆ ಕ್ಲೋರಿನ್ ಆ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ. ತೊಟ್ಟಿಯಿಂದ ತೆಗೆದ ನೀರಿನಲ್ಲೇ ಅದನ್ನು ಹಿಂಡಿ ತೊಳೆಯಬೇಕು.

ಕರೆಂಟು, ಹೊಗೆ, ಮುಚ್ಚಳ

ನೀರು ಮತ್ತು ಕರೆಂಟು ಒಂದೇ ಜಾಗದಲ್ಲಿ ಇರುವ ವಸ್ತು ಇದು. ತೊಟ್ಟಿಯಿಂದ ಬರುವ ಪ್ರತಿ ವೈರೂ ಸಾಕೆಟ್ಟಿಗಿಂತ ಕೆಳಕ್ಕೆ ಒಮ್ಮೆ ಜೋತುಬಿದ್ದು ಮತ್ತೆ ಮೇಲೆ ಏರಬೇಕು. ವೈರಿನ ಮೇಲೆ ಜಾರುವ ಹನಿ ಆ ತಗ್ಗಿನಲ್ಲೇ ನೆಲಕ್ಕೆ ಬೀಳುತ್ತದೆ, ಸಾಕೆಟ್ಟಿಗೆ ಹೋಗುವುದಿಲ್ಲ. ಮನೆಯ ಬೋರ್ಡಿನಲ್ಲಿ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇದೆಯೇ ಎಂದು ಎಲೆಕ್ಟ್ರಿಷಿಯನ್ನರನ್ನು ಕೇಳಿ. ಕರೆಂಟು ಸೋರಿದ ಕೂಡಲೇ ಕಡಿದುಹಾಕುವ ಸ್ವಿಚ್ಚು ಅದು. ನೀರಿಗೆ ಕೈ ಹಾಕುವ ಮೊದಲು ಪ್ಲಗ್ ಕಿತ್ತಿಡಿ.

ಏರ್ ಪಂಪನ್ನು ನೀರಿನ ಮಟ್ಟಕ್ಕಿಂತ ಮೇಲೆ ಇಡಬೇಕು, ಇಲ್ಲವೇ ಪೈಪಿಗೆ ಹಿಮ್ಮುಖ ಹರಿವು ತಡೆಯುವ ವಾಲ್ವ್ ಹಾಕಬೇಕು. ಕರೆಂಟು ಹೋದಾಗ ನೀರು ಪೈಪಿನಲ್ಲಿ ಹಿಂದಕ್ಕೆ ಹರಿದು ಪಂಪಿನೊಳಗೆ ಸೇರಬಹುದು. ಈ ಪಂಪಿನದು ಇನ್ನೊಂದು ಅಪಾಯ ಇದೆ: ಅದು ಕೋಣೆಯ ಗಾಳಿಯನ್ನೇ ಎಳೆದು ನೀರಿಗೆ ಊದುತ್ತದೆ. ಸೊಳ್ಳೆಗೆಂದು ಹಚ್ಚುವ ಬತ್ತಿ, ಗೋಡೆಗೆ ಸಿಕ್ಕಿಸುವ ದ್ರವದ ಯಂತ್ರ, ಜಿರಳೆಯ ಸ್ಪ್ರೇ ಬಹುಪಾಲು ಪೈರಿಥ್ರಾಯ್ಡ್ ಗುಂಪಿನ ಕೀಟನಾಶಕಗಳು. ಮನುಷ್ಯರಿಗಿಂತ ಮೀನಿಗೆ ಅವು ಎಷ್ಟೋ ಪಾಲು ಹೆಚ್ಚು ವಿಷ. ತೊಟ್ಟಿ ಇರುವ ಕೋಣೆಯಲ್ಲಿ ಅವನ್ನು ಬಳಸದೆ ಸೊಳ್ಳೆಪರದೆ ಕಟ್ಟುವುದೇ ಒಳ್ಳೆಯದು.

ಹೀಟರಿಗೆ ಲೀಟರಿಗೊಂದು ವ್ಯಾಟ್ ಎಂಬ ಲೆಕ್ಕ ಸಾಕು. ನಮಗೆ 50 ವ್ಯಾಟ್. ಜಾಸ್ತಿ ಇರಲಿ ಎಂದು 200ರದ್ದನ್ನು ತಂದರೆ, ಎಂದಾದರೂ ಅದರ ಥರ್ಮೋಸ್ಟ್ಯಾಟ್ ಕೆಟ್ಟು ಆಫ್ ಆಗದೆ ಉಳಿದ ದಿನ ನಮಗೆ ತಿಳಿಯುವ ಮೊದಲೇ ಮೀನು ಬೆಂದಿರುತ್ತದೆ. ನೀರು ಬದಲಿಸುವಾಗ ಉರಿಯುತ್ತಿರುವ ಹೀಟರ್ ನೀರಿನಿಂದ ಹೊರಬಂದರೆ ಅದರ ಗಾಜು ಕಾದು, ಮತ್ತೆ ತಣ್ಣೀರು ಸೋಕಿದಾಗ ಸಿಡಿಯುತ್ತದೆ. ಕರಾವಳಿಯ ಮನೆಗಳಿಗೆ ಹೀಟರೇ ಬೇಕಿಲ್ಲ. ಬೆಂಗಳೂರು, ಮಡಿಕೇರಿಗಳ ಚಳಿಗಾಲದಲ್ಲಿ ಗಪ್ಪಿ, ಫೈಟರ್‌ಗಳಿಗೆ ಬೇಕಾಗುತ್ತದೆ. 18 ಡಿಗ್ರಿಯವರೆಗೂ ತಾಳುವ ಜೀಬ್ರಾ ಮೀನಿಗೆ ಬೆಂಗಳೂರಿನ ಮನೆಯೊಳಗೂ ಬೇಡ. ಆದರೆ ಜೀಬ್ರಾ ಜಿಗಿಯುವ ಮೀನು. ಅದಕ್ಕೆ ಹೀಟರ್ ಇಲ್ಲದಿದ್ದರೂ ನಡೆದೀತು, ಮುಚ್ಚಳ ಇಲ್ಲದೆ ನಡೆಯದು.

ಯಾವ ಜೀವಿಗೆ ಇದು ಮನೆ?

ಅಂಗಡಿಯಲ್ಲಿ ಕಾಣುವ ಮೀನು ಸಾಮಾನ್ಯವಾಗಿ ಮರಿ. ತೊಟ್ಟಿಯನ್ನು ಅದರ ಇಂದಿನ ಉದ್ದಕ್ಕೆ ಅಲ್ಲ, ಬೆಳೆದ ಉದ್ದಕ್ಕೆ ಹೊಂದಿಸಬೇಕು. ಉದ್ದ ಹೆಚ್ಚಿದಂತೆ ದೇಹ ಎಷ್ಟು ಹೆಚ್ಚುತ್ತದೆ ಎಂಬುದನ್ನು ನಾವು ಕಡಿಮೆ ಅಂದಾಜು ಮಾಡುತ್ತೇವೆ. 5 ಸೆಂ.ಮೀ. ಮೀನು ಅದೇ ಆಕಾರದಲ್ಲಿ 20 ಸೆಂ.ಮೀ. ಆದರೆ ಅದರ ದೇಹ ನಾಲ್ಕರಷ್ಟಲ್ಲ, 64ರಷ್ಟಾಗುತ್ತದೆ. ತಿನ್ನುವುದೂ ವಿಸರ್ಜಿಸುವುದೂ ದೇಹದ ಜೊತೆಗೇ ಏರುತ್ತವೆ. ಸಾದಾ ಗೋಲ್ಡ್‌ಫಿಶ್ ಚೆನ್ನಾಗಿ ಸಾಕಿದರೆ 20 ಸೆಂ.ಮೀ. ದಾಟುತ್ತದೆ, ಹತ್ತು ವರ್ಷಕ್ಕೂ ಹೆಚ್ಚು ಬದುಕುತ್ತದೆ. 50 ಲೀಟರಿನಲ್ಲಿ ನಾಲ್ಕು ಗೋಲ್ಡ್‌ಫಿಶ್ ಇರಲಿ, ಒಂದಕ್ಕೂ ಅದು ಜೀವಮಾನದ ಮನೆಯಲ್ಲ.

ತೊಟ್ಟಿ ಚೊಕ್ಕಟ ಮಾಡುತ್ತದೆ ಎಂದು ಕೊಡುವ ಸಕ್ಕರ್ ಮೀನು ಬೆರಳಿನಷ್ಟು ಇರುವಾಗ ಬರುತ್ತದೆ, 30 ಸೆಂ.ಮೀ. ಮೀರಿ ಬೆಳೆಯುತ್ತದೆ. ಆಸ್ಕರ್ ಮೀನೂ ಹಾಗೆಯೇ. ನಾಣ್ಯದಷ್ಟಿರುವ ಕೆಂಪುಕಿವಿಯ ಆಮೆಮರಿ ಊಟದ ತಟ್ಟೆಯಷ್ಟಾಗುತ್ತದೆ. ಹಿಡಿಸದಾದಾಗ ಜನ ಇವನ್ನು ಪುಣ್ಯವೆಂದು ಕೆರೆಗೆ ಬಿಡುತ್ತಾರೆ. ದಕ್ಷಿಣ ಅಮೆರಿಕದ ಸಕ್ಕರ್ ಮೀನು ಹೀಗೇ ನಮ್ಮ ಕೆರೆಗಳಿಗೆ ಸೇರಿ, ಸ್ಥಳೀಯ ಮೀನುಗಳ ಜಾಗ ಕಸಿದು, ಮೀನುಗಾರರ ಬಲೆ ಹರಿಯುತ್ತಿದೆ. ಚೀಟಿಯಲ್ಲಿ ಬೆಳೆದ ಅಳತೆ ಬರೆಯದಿದ್ದರೆ ಅದರ ಫಲವನ್ನು ಕೆರೆ ಉಣ್ಣುತ್ತದೆ.

ನಮ್ಮದೇ ಪಶ್ಚಿಮ ಘಟ್ಟದ ಹೊಳೆಗಳ ಚೆಲುವೆ ಮಿಸ್ ಕೇರಳ ಮೀನನ್ನೂ ಇಲ್ಲಿಗೆ ತರುವಂತಿಲ್ಲ. ಅದು ಹರಿಯುವ, ಆಮ್ಲಜನಕ ತುಂಬಿದ ನೀರಿನಲ್ಲಿ ಗುಂಪಾಗಿ ಓಡುವ ಮೀನು. ಗೇಣಿನ ಹತ್ತಿರಕ್ಕೆ ಬೆಳೆಯುತ್ತದೆ. 4 ಅಡಿಗಿಂತ ಚಿಕ್ಕ ತೊಟ್ಟಿಯಲ್ಲಿ ಅದಕ್ಕೆ ಓಡಲು ದಾರಿಯೇ ಇರುವುದಿಲ್ಲ.

ಹಾಗಾದರೆ ನಮ್ಮ ತೊಟ್ಟಿ ಯಾರಿಗೆ? ಬಯಲುಸೀಮೆಯ ಗಡಸು ಬೋರ್‌ವೆಲ್ ನೀರಾದರೆ ಎಂಟು ಗಂಡು ಗಪ್ಪಿಗಳಿಗೆ. ಹೆಣ್ಣು ಸೇರಿಸಿದರೆ ಸುಮಾರು ತಿಂಗಳಿಗೊಮ್ಮೆ ಮರಿ ಹಾಕಿ ತೊಟ್ಟಿ ತುಂಬುತ್ತದೆ. ಹೀಟರ್ ಬೇಡವೆನ್ನುವವರಿಗೆ ಎಂಟು ಜೀಬ್ರಾ. ಕರಾವಳಿ, ಮಲೆನಾಡಿನ ಮೆದು ಬಾವಿನೀರಾದರೆ ಹತ್ತು ನಿಯಾನ್ ಟೆಟ್ರಾ. ಇಲ್ಲವೇ ಒಂದೇ ಒಂದು ಗಂಡು ಫೈಟರ್, ಗಿಡಗಳ ನಡುವೆ ರಾಜನಂತೆ. ಇವುಗಳಲ್ಲಿ ಒಂದನ್ನು ಆರಿಸಿಕೊಳ್ಳಬೇಕು, ಎಲ್ಲವನ್ನೂ ಒಟ್ಟಿಗೆ ಅಲ್ಲ.

ಉಳಿದ ಎರಡು ಗೋಲ್ಡ್‌ಫಿಶ್‌ಗಳನ್ನು ನಾವು ತೋಟದ ಸಿಮೆಂಟು ತೊಟ್ಟಿಯಿದ್ದ ಸ್ನೇಹಿತರೊಬ್ಬರ ಮನೆಗೆ ಕೊಟ್ಟೆವು. ಖಾಲಿ ಅಕ್ವೇರಿಯಮ್ಮಿನಲ್ಲಿ ಫಿಲ್ಟರ್ ಹಾಕಿ, ದಿನಕ್ಕೊಂದು ಚಿಟಿಕೆ ಮೀನಿನ ಆಹಾರ ಉದುರಿಸುತ್ತಾ ಐದು ವಾರ ಕಾದು, ಎರಡೂ ಅಂಕಿ ಸೊನ್ನೆಗೆ ಬಂದ ಮೇಲೆ ಗಪ್ಪಿ ತಂದೆವು. ಅಂದು ಮಗಳು ಅಂಗಡಿಯ ಚೀಟಿಯನ್ನು ಕಿತ್ತು, ನಾನು ಹೇಳುತ್ತಾ ಹೋದಂತೆ ಹೊಸದೊಂದನ್ನು ಬರೆದಳು:

"ಗಾಜಿನ ತೊಟ್ಟಿ, 60 × 30 × 38 ಸೆಂ.ಮೀ. ಗಾಜು 5 ಮಿ.ಮೀ., ಅಂಟು ಅಪ್ಪಟ ಸಿಲಿಕೋನ್. ಹಿಡಿಸುವ ನೀರು 50 ಲೀಟರ್. ತುಂಬಿದಾಗ 75 ಕಿಲೋ. ಸಮತಟ್ಟು ಸ್ಟ್ಯಾಂಡ್, ಕೆಳಗೆ ಥರ್ಮಾಕೋಲ್. ಫಿಲ್ಟರ್ ಗಂಟೆಗೆ 300 ಲೀಟರ್. ಚಳಿಗಾಲಕ್ಕೆ ಹೀಟರ್ 50 ವ್ಯಾಟ್. ಮುಚ್ಚಳ ಬೇಕು. ಈ ಕೋಣೆಯಲ್ಲಿ ಸೊಳ್ಳೆಬತ್ತಿ ಹಚ್ಚಬಾರದು. ಐದು ವಾರ ಮೀನಿಲ್ಲದೆ ಓಡಿಸಬೇಕು. 5 ಸೆಂ.ಮೀ. ಮೀರದ ಎಂಟು ಮೀನಿಗೆ ಸೂಕ್ತ. ಗೋಲ್ಡ್‌ಫಿಶ್, ಸಕ್ಕರ್, ಆಸ್ಕರ್, ಆಮೆಗೆ ಸೂಕ್ತವಲ್ಲ."

ಕೊನೆಯ ಸಾಲಿನ ಕೆಳಗೆ ಅವಳು ಎರಡು ಗೆರೆ ಎಳೆದಳು.